ಲಂಡನ್ನಿನ ಸಂಬಳ, ಮ್ಯೂನಿಕ್ಕಿನ ಸಂಬಳ: ತಿಂಗಳ ಕೊನೆಗೆ ಉಳಿಯುವುದೆಷ್ಟು?

ಪ್ರಶ್ನೆ: ನಾನು ಮೈಸೂರಿನವನು, ಸಾಫ್ಟ್‌ವೇರ್ ಎಂಜಿನಿಯರ್. ಲಂಡನ್ನಿನ ಒಂದು ಕಂಪನಿ ವರ್ಷಕ್ಕೆ 80,000 ಪೌಂಡ್, ಮ್ಯೂನಿಕ್ಕಿನ ಇನ್ನೊಂದು ಕಂಪನಿ 80,000 ಯೂರೋ ಕೊಡುವುದಾಗಿ ಹೇಳಿವೆ. ಜೊತೆಗೆ ಹೆಂಡತಿ ಮತ್ತು ಆರು ವರ್ಷದ ಮಗಳು ಬರುತ್ತಾರೆ. ಪೌಂಡಿನ ಬೆಲೆ ಹೆಚ್ಚು, ಹಾಗಾಗಿ ಲಂಡನ್ನೇ ಲಾಭ ಎಂದು ಎಲ್ಲರೂ ಹೇಳುತ್ತಾರೆ. ತೆರಿಗೆ, ಬಾಡಿಗೆ, ಓಡಾಟ, ಆಸ್ಪತ್ರೆ ಖರ್ಚು ಕಳೆದ ಮೇಲೂ ಅದು ನಿಜವೇ?

ಉತ್ತರ: ನಿಮ್ಮೊಬ್ಬರದೇ ದುಡಿಮೆಯಾದರೆ ಎರಡೂ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ಮೊತ್ತ ಉಳಿಯುತ್ತದೆ. ನಿಮ್ಮ ಪತ್ನಿಯೂ ಕೆಲಸಕ್ಕೆ ಸೇರಿದರೆ ಲಂಡನ್ ಮುಂದೆ ಹೋಗುತ್ತದೆ. ಇದಕ್ಕೆ ಪೌಂಡಿನ ಬೆಲೆಗಿಂತ ಮುಖ್ಯವಾದ ಕಾರಣ, ಎರಡು ದೇಶಗಳು ಕುಟುಂಬವನ್ನು ನೋಡುವ ರೀತಿ. ಲೆಕ್ಕಕ್ಕೆ ಬ್ರಿಟನ್ನಿನ 2025–26ರ ಮತ್ತು ಜರ್ಮನಿಯ 2025ರ ದರಗಳನ್ನು ತೆಗೆದುಕೊಂಡಿದ್ದೇನೆ. ಒಂದು ಯೂರೋಗೆ 0.85 ಪೌಂಡ್ ಎಂದು ಹಿಡಿದಿದ್ದೇನೆ. ಈ ವಿನಿಮಯ ದರದಲ್ಲಿ ಮ್ಯೂನಿಕ್ಕಿನ ಸಂಬಳ 68,000 ಪೌಂಡ್ ಆಗುತ್ತದೆ, ಅಂದರೆ ಆರಂಭದಲ್ಲಿ ವರ್ಷಕ್ಕೆ 12,000 ಪೌಂಡ್ ಅಂತರ ಕಾಣುತ್ತದೆ.

ಮೊದಲು ತೆರಿಗೆಯನ್ನು ನೋಡೋಣ. ಬ್ರಿಟನ್ನಿನಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಲೆಕ್ಕ. ಮೊದಲ 12,570 ಪೌಂಡಿಗೆ ತೆರಿಗೆಯಿಲ್ಲ, 50,270ರವರೆಗೆ ಶೇ 20, ಅದರಾಚೆಗೆ ಶೇ 40. ಇದರ ಜೊತೆಗೆ ನ್ಯಾಷನಲ್ ಇನ್ಶೂರೆನ್ಸ್ ಎಂಬ ಕಡಿತವೂ ಇದೆ. ಎಲ್ಲ ಸೇರಿ ವರ್ಷಕ್ಕೆ ಸುಮಾರು 23,000 ಪೌಂಡ್ ಹೋಗಿ, ತಿಂಗಳಿಗೆ 4,745 ಪೌಂಡ್ ಕೈಗೆ ಬರುತ್ತದೆ. ಪತ್ನಿ ಮನೆಯಲ್ಲಿದ್ದಾರೆ ಎಂಬ ಕಾರಣಕ್ಕೆ ನಿಮ್ಮ ಸಂಬಳದ ಮಟ್ಟದಲ್ಲಿ ಯಾವ ರಿಯಾಯಿತಿಯೂ ಸಿಗುವುದಿಲ್ಲ.

ಜರ್ಮನಿಯಲ್ಲಿ ಗಂಡ ಹೆಂಡತಿ ಇಬ್ಬರ ಆದಾಯವನ್ನು ಕೂಡಿಸಿ, ಎರಡರಿಂದ ಭಾಗಿಸಿ, ಆ ಅರ್ಧಕ್ಕೆ ಬರುವ ತೆರಿಗೆಯನ್ನು ಎರಡು ಪಟ್ಟು ಮಾಡುತ್ತಾರೆ. ಒಬ್ಬರಿಗೆ ಆದಾಯವೇ ಇಲ್ಲದಿದ್ದಾಗ ಇದರಿಂದ ದೊಡ್ಡ ಉಳಿತಾಯವಾಗುತ್ತದೆ. ಪಿಂಚಣಿ, ನಿರುದ್ಯೋಗ ವಿಮೆ, ಆರೋಗ್ಯ ವಿಮೆ, ಆರೈಕೆ ವಿಮೆ ಎಂಬ ನಾಲ್ಕು ಕಡ್ಡಾಯ ಕಡಿತಗಳಿಗೆ ಸುಮಾರು 15,300 ಯೂರೋ, ತೆರಿಗೆಗೆ ಸುಮಾರು 9,900 ಯೂರೋ ಹೋಗಿ, ತಿಂಗಳಿಗೆ 4,560 ಯೂರೋ ಉಳಿಯುತ್ತದೆ. ಇದೇ ಸಂಬಳದ ಅವಿವಾಹಿತರಿಗೆ ಸುಮಾರು 4,000 ಯೂರೋ ಮಾತ್ರ ಸಿಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಹೋಲಿಕೆಗಳಲ್ಲಿ ಹೆಚ್ಚಿನವು ಅವಿವಾಹಿತರನ್ನೇ ಹಿಡಿದು ಮಾಡಿರುವುದರಿಂದ ಜರ್ಮನಿ ನಿಮ್ಮಂಥವರಿಗೆ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ. ಇದರ ಮೇಲೆ, ನಿಮ್ಮ ಮಗಳಿಗಾಗಿ ಸರ್ಕಾರ ಮಕ್ಕಳ ಭತ್ಯೆ ಕೊಡುತ್ತದೆ, 2025ರಲ್ಲಿ ಅದು ತಿಂಗಳಿಗೆ 255 ಯೂರೋ ಇತ್ತು. ಬ್ರಿಟನ್ನಿನಲ್ಲಿ ನಿಮ್ಮ ಕೆಲಸದ ವೀಸಾದ ಷರತ್ತಿನಂತೆ ಅಂಥ ಭತ್ಯೆ ಸಿಗದು.

ಆರೋಗ್ಯದ ಖರ್ಚನ್ನು ಹೆಚ್ಚಿನವರು ತಪ್ಪಾಗಿ ಹಾಕುತ್ತಾರೆ, ಏಕೆಂದರೆ ಬ್ರಿಟನ್ನಿನಲ್ಲಿ ಚಿಕಿತ್ಸೆ ಉಚಿತ ಎಂಬ ಮಾತು ವೀಸಾದಲ್ಲಿ ಹೋಗುವವರಿಗೆ ಪೂರ್ತಿ ಅನ್ವಯಿಸುವುದಿಲ್ಲ. ಅವರು ವೀಸಾ ಅರ್ಜಿ ಹಾಕುವಾಗಲೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು: ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ಮೂರು ವರ್ಷದ ವೀಸಾಕ್ಕೆ ನಿಮ್ಮ ಮೂವರ ಮೊತ್ತ 8,538 ಪೌಂಡ್ ಆಗುತ್ತದೆ, ಮತ್ತು ಅದನ್ನು ಮೊದಲ ಸಂಬಳ ಕಾಣುವ ಮೊದಲೇ ಒಟ್ಟಾಗಿ ಕಟ್ಟಬೇಕಾಗುತ್ತದೆ. ತಿಂಗಳಿಗೆ ಹಂಚಿದರೆ 237 ಪೌಂಡ್. ಜರ್ಮನಿಯಲ್ಲಿ ಮೇಲೆ ಹೇಳಿದ ಕಡಿತದಲ್ಲಿಯೇ ಆರೋಗ್ಯ ವಿಮೆ ಸೇರಿದೆ; ಆದಾಯವಿಲ್ಲದ ಪತ್ನಿ ಮತ್ತು ಮಗು ಅದೇ ಸರ್ಕಾರಿ ವಿಮೆಯಡಿ ಹೆಚ್ಚುವರಿ ಪ್ರೀಮಿಯಂ ಇಲ್ಲದೆ ಬರುತ್ತಾರೆ. ನಿಮ್ಮ ಸಂಬಳಕ್ಕೆ ಅಲ್ಲಿ ಖಾಸಗಿ ವಿಮೆ ಆರಿಸಿಕೊಳ್ಳುವ ಅವಕಾಶವೂ ಇದೆ, ಆದರೆ ಅದರಲ್ಲಿ ಪ್ರತಿಯೊಬ್ಬರಿಗೂ ಬೇರೆ ಪ್ರೀಮಿಯಂ ಕಟ್ಟಬೇಕು. ಕುಟುಂಬವಿರುವವರು ಏಜೆಂಟರ ಮಾತಿಗೆ ಒಪ್ಪಿ ಅತ್ತ ಹೋಗಬಾರದೆಂಬುದು ನನ್ನ ಖಚಿತ ಸಲಹೆ, ಏಕೆಂದರೆ ಒಮ್ಮೆ ಹೋದರೆ ಮರಳುವುದು ಕಷ್ಟ.

ಬಾಡಿಗೆ ಜಾಹೀರಾತಿನ ಅಂಕಿಯನ್ನು ಹಾಗೆಯೇ ಹೋಲಿಸಬೇಡಿ. ಜರ್ಮನಿಯಲ್ಲಿ ‘ಕಾಲ್ಟ್’ ಎಂದಿದ್ದರೆ ಅದು ಬರೀ ಗೋಡೆಗಳ ಬಾಡಿಗೆ. ‘ವಾರ್ಮ್’ ಎಂದಿದ್ದರೆ ಬಿಸಿ ವ್ಯವಸ್ಥೆ, ನೀರು, ಕಸದ ಶುಲ್ಕ ಸೇರಿರುತ್ತದೆ, ವಿದ್ಯುತ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಮೂರು ರೂಮಿನ ಮನೆ ಎಂದರೆ ಹಾಲನ್ನೂ ಎಣಿಸಿದ ಲೆಕ್ಕ, ಅಂದರೆ ನಮ್ಮ ಎರಡು ಬೆಡ್‌ರೂಮಿನ ಮನೆ. ಅನೇಕ ಮನೆಗಳಲ್ಲಿ ಅಡುಗೆಮನೆಯ ಕಪಾಟು, ಒಲೆ, ಸಿಂಕ್ ಕೂಡ ಇರುವುದಿಲ್ಲ. ಅವನ್ನು ನೀವೇ ಕೊಳ್ಳಬೇಕು. ಲಂಡನ್ನಿನಲ್ಲಿ ಬಾಡಿಗೆದಾರರೇ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ಆಡಳಿತದ ತೆರಿಗೆ ಕಟ್ಟಬೇಕೆಂಬುದು ಜಾಹೀರಾತಿನ ಬಾಡಿಗೆಯಲ್ಲಿ ಕಾಣುವುದಿಲ್ಲ. ಉದಾಹರಣೆಗೆ ಹ್ಯಾರೋ ಕಡೆ ಎರಡು ಬೆಡ್‌ರೂಮಿನ ಮನೆಗೆ 1,800 ಪೌಂಡ್ ಎಂದಿಟ್ಟುಕೊಂಡರೆ, ಕೌನ್ಸಿಲ್ ಟ್ಯಾಕ್ಸ್, ವಿದ್ಯುತ್, ಗ್ಯಾಸ್ ಸೇರಿ 2,100 ಪೌಂಡ್ ಆಗುತ್ತದೆ. ಮ್ಯೂನಿಕ್ಕಿನ ಹೊರವಲಯದಲ್ಲಿ ವಾರ್ಮ್ ಬಾಡಿಗೆ 2,000 ಯೂರೋ, ವಿದ್ಯುತ್ ಮತ್ತು ಪ್ರಸಾರ ಶುಲ್ಕಕ್ಕೆ 100 ಯೂರೋ ಎಂದು ಹಾಕಿದ್ದೇನೆ. ಇವು ನನ್ನ ಅಂದಾಜುಗಳು. ನೀವು ನೋಡಿದ ಮನೆಯ ಅಂಕಿಯನ್ನು ಇಲ್ಲಿ ಇಟ್ಟು ಲೆಕ್ಕ ಮಾಡಿ.

ಓಡಾಟದ ಖರ್ಚನ್ನು ಬಾಡಿಗೆಯ ಜೊತೆಗೇ ನೋಡಬೇಕು. ಲಂಡನ್ನಿನಲ್ಲಿ ದರ ವಲಯಗಳ ಪ್ರಕಾರ ಏರುವುದರಿಂದ, ದೂರ ಹೋಗಿ ಬಾಡಿಗೆಯಲ್ಲಿ ಉಳಿಸಿದ್ದರ ಒಂದು ಭಾಗ ರೈಲಿಗೆ ಹೋಗುತ್ತದೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗುವವರು ತಿಂಗಳ ಪಾಸು ಕೊಳ್ಳುವ ಬದಲು ಪ್ರತಿ ಸಲ ಕಾರ್ಡ್ ತಾಗಿಸಿ ಹೋಗುವುದೇ ಸಾಮಾನ್ಯವಾಗಿ ಅಗ್ಗ. ಇದಕ್ಕೆ 200 ಪೌಂಡ್ ಇಡೋಣ. ಮ್ಯೂನಿಕ್ಕಿನಲ್ಲಿ ‘ಡಾಯ್ಚ್‌ಲಾಂಡ್ ಟಿಕೆಟ್’ 2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು. ಅದೊಂದರಲ್ಲೇ ನಗರದ ರೈಲು, ಬಸ್ಸು, ಟ್ರಾಮ್ ಮಾತ್ರವಲ್ಲದೆ ದೇಶದ ಪ್ರಾದೇಶಿಕ ರೈಲುಗಳಲ್ಲೂ ಓಡಾಡಬಹುದು. ಹಾಗಾಗಿ ಡಾಖಾವ್ ಅಥವಾ ಫ್ರೈಸಿಂಗ್‌ನಂಥ ಪಕ್ಕದ ಊರಿನಲ್ಲಿ ಮನೆ ಹಿಡಿದರೆ ಸಮಯ ಹೆಚ್ಚು ಹೋಗುತ್ತದೆಯೇ ಹೊರತು ಟಿಕೆಟ್ಟಿನ ಹಣವಲ್ಲ. ಆ ದರದಲ್ಲಿ ಇಬ್ಬರಿಗೆ 116 ಯೂರೋ.

ಇಷ್ಟೆಲ್ಲ ಕಳೆದರೆ ಲಂಡನ್ನಿನಲ್ಲಿ ತಿಂಗಳಿಗೆ ಸುಮಾರು 2,200 ಪೌಂಡ್, ಮ್ಯೂನಿಕ್ಕಿನಲ್ಲಿ ಮಕ್ಕಳ ಭತ್ಯೆ ಸೇರಿ ಸುಮಾರು 2,600 ಯೂರೋ ಉಳಿಯುತ್ತದೆ. ಆ 2,600 ಯೂರೋ ಕೂಡ 2,200 ಪೌಂಡಿನ ಆಸುಪಾಸಿನಲ್ಲೇ ಇದೆ. ವರ್ಷದ 12,000 ಪೌಂಡ್ ಅಂತರ ಹೀಗೆ ಕರಗಿಹೋಯಿತು.

ಪತ್ನಿ ಕೆಲಸಕ್ಕೆ ಸೇರಿದರೆ ಇದೇ ನಿಯಮಗಳು ತಿರುಗಿ ನಿಲ್ಲುತ್ತವೆ. ಲಂಡನ್ನಿನಲ್ಲಿ ಅವರು 30,000 ಪೌಂಡ್ ದುಡಿದರೆ ಅವರದೇ ತೆರಿಗೆರಹಿತ ಮಿತಿ ಇರುವುದರಿಂದ ಸುಮಾರು 25,100 ಪೌಂಡ್ ಮನೆಗೆ ಬರುತ್ತದೆ. ಮ್ಯೂನಿಕ್ಕಿನಲ್ಲಿ ಅದಕ್ಕೆ ಸರಿಸಮವಾದ 35,000 ಯೂರೋ ದುಡಿದರೆ ಅವರು ತಮ್ಮದೇ ವಿಮೆ ಕಟ್ಟಬೇಕು, ಜೊತೆಗೆ ಜಂಟಿ ತೆರಿಗೆಯೂ ಏರುತ್ತದೆ. ಕುಟುಂಬದ ಆದಾಯಕ್ಕೆ ಸೇರುವುದು ಸುಮಾರು 19,100 ಯೂರೋ, ಅಂದರೆ 16,200 ಪೌಂಡ್ ಮಾತ್ರ. ಆದ್ದರಿಂದ ಅವರ ಉದ್ಯೋಗದ ಯೋಜನೆಯನ್ನು ಕೇಳದೆ ನೀವು ತೀರ್ಮಾನಿಸಬೇಡಿ. ಮ್ಯೂನಿಕ್ಕಿನಲ್ಲಿ ಕೆಲಸ ಸಿಗಲು ಅವರಿಗೆ ಜರ್ಮನ್ ಭಾಷೆ ಬೇಕಾಗಬಹುದೆಂಬುದನ್ನೂ ಗಮನದಲ್ಲಿಡಿ.

ಜರ್ಮನಿ ಆರಿಸಿಕೊಂಡರೆ ತೆರಿಗೆಯ ಆ ಉಳಿತಾಯ ಸಿಗಲು ಪತ್ನಿ ನಿಮ್ಮೊಂದಿಗೆ ಅಲ್ಲಿ ವಾಸಿಸುತ್ತಿರಬೇಕು. ಅವರು ಮೈಸೂರಿನಲ್ಲೇ ಇರುವಷ್ಟು ಕಾಲ ನಿಮ್ಮ ಸಂಬಳದಿಂದ ಅವಿವಾಹಿತರಂತೆಯೇ ತೆರಿಗೆ ಕಡಿತವಾಗುತ್ತದೆ. ಅವರು ಬಂದು ವಿಳಾಸ ನೋಂದಾಯಿಸಿದ ಮೇಲೆ ತಿಂಗಳ ತೆರಿಗೆ ಕಡಿತ ಕಡಿಮೆಯಿರುವ ಮೂರನೆಯ ತೆರಿಗೆ ವರ್ಗಕ್ಕೆ ನೀವಿಬ್ಬರೂ ಅರ್ಜಿ ಹಾಕಬೇಕು, ಅದು ತಾನಾಗಿ ಆಗುವುದಿಲ್ಲ. ಲಂಡನ್ ಆರಿಸಿಕೊಂಡರೆ ಆರೋಗ್ಯ ಸರ್‌ಚಾರ್ಜನ್ನು ಕಂಪನಿ ಕಟ್ಟುತ್ತದೆಯೇ, ಪತ್ನಿ ಮತ್ತು ಮಗಳದ್ದನ್ನೂ ಸೇರಿಸಿ ಕಟ್ಟುತ್ತದೆಯೇ, ನೀವು ಅವಧಿಗೆ ಮುನ್ನ ಕೆಲಸ ಬಿಟ್ಟರೆ ಎಷ್ಟನ್ನು ವಾಪಸ್ ಕೇಳುತ್ತದೆ ಎಂಬ ಮೂರನ್ನೂ ಸಹಿ ಹಾಕುವ ಮೊದಲು ಆಫರ್ ಪತ್ರದಲ್ಲಿ ಬರೆಸಿಕೊಳ್ಳಿ.