ಗುಂಪಿನ ಮೊತ್ತದಿಂದ ಯಾಕೆ ಗುಣಿಸಬೇಕು?

"ದೊಡ್ಡದಕ್ಕೆ ಜಾಸ್ತಿ ಅವಕಾಶ ಕೊಟ್ಟು, ಒಂದೇ ಎರಡು ಸಲ ಬರದ ಹಾಗೆ ಸ್ಯಾಂಪಲ್ ತೆಗೆಯಲು ರಾವ್-ಹಾರ್ಟ್ಲಿ-ಕಾಕ್ರನ್ ವಿಧಾನ ಹೇಳಿಕೊಟ್ಟರು. ಸೂತ್ರದಲ್ಲಿ ಗುಂಪಿನ ಮೊತ್ತ ಯಾಕೆ ಬರುತ್ತದೆ? ಸುಮ್ನೆ ಸರಾಸರಿ ತೆಗೆದರೆ ಆಗಲ್ವಾ?"

ಆಗಲ್ಲ. ಮುಂಬೈಯಲ್ಲಿ ಸರ್ವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಸರಾಸರಿಯನ್ನೇ ತೆಗೆದಿದ್ದೆ. ಉತ್ತರ ನೋಡಲು ಚೆನ್ನಾಗಿಯೇ ಇತ್ತು, ಅದಕ್ಕೇ ಎಷ್ಟೋ ದಿನ ಯಾರಿಗೂ ಗೊತ್ತಾಗಲಿಲ್ಲ.

ಮಾಟುಂಗಾದಲ್ಲಿ ನಮ್ಮವರ ಉಡುಪಿ ಹೋಟೆಲ್ ಆರು ಇವೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ದಿನಕ್ಕೆ ಒಟ್ಟು ಎಷ್ಟು ಲೀಟರ್ ಹಾಲು ಬೇಕು ಅಂತ ತಿಳಿಯಬೇಕು, ಆದರೆ ಎರಡೇ ಹೋಟೆಲಿಗೆ ಹೋಗಲು ಸಾಧ್ಯ. ಕೂರುವ ಸೀಟು ಎಷ್ಟು ಅಂತ ಮೊದಲೇ ಗೊತ್ತು: ಅ 20, ಬ 30, ಕ 50, ಡ 40, ಇ 60, ಫ 100. ಒಟ್ಟು 300.

ಮೊದಲು ಸೀಟನ್ನು ಮರೆತುಬಿಡಿ. ಆರು ಚೀಟಿ ಕುಲುಕಿ ಮೂರು ಮೂರರ ಎರಡು ಗುಂಪು ಮಾಡಿ. ನನಗೆ ಅ, ಡ, ಫ ಒಂದು ಕಡೆ ಬಂದವು, ಸೀಟು 160. ಬ, ಕ, ಇ ಇನ್ನೊಂದು ಕಡೆ, 140. ಈಗ ಸೀಟು ಕೆಲಸಕ್ಕೆ ಬರುತ್ತದೆ. ಮೊದಲ ಗುಂಪಿನಲ್ಲಿ 1ರಿಂದ 20 ಅ, 60ರವರೆಗೆ ಡ, 160ರವರೆಗೆ ಫ. ರ‍್ಯಾಂಡಮ್ ಸಂಖ್ಯೆ 97 ಬಂತು, ಫ ಸಿಕ್ಕಿತು. ಎರಡನೆಯದರಲ್ಲೂ ಹೀಗೇ ಮಾಡಿದಾಗ ಕ ಸಿಕ್ಕಿತು. ಗುಂಪಿಗೆ ಒಂದೇ ತೆಗೆಯುವುದರಿಂದ ಒಂದೇ ಹೋಟೆಲ್ ಮತ್ತೆ ಬರುವ ಪ್ರಶ್ನೆಯೇ ಇಲ್ಲ.

ಫ ಹೋಟೆಲಿಗೆ 65 ಲೀಟರ್, ಕ ಹೋಟೆಲಿಗೆ 40. ಮೊದಲ ಗುಂಪಿನ ಅಂದಾಜು 160 × 65/100 = 104. ಎರಡನೆಯದು 140 × 40/50 = 112. ಒಟ್ಟು 216 ಲೀಟರ್.

ಈ 160 ಯಾಕೆ ಬೇಕು ಅಂತ ಮೊದಲ ಗುಂಪಿನಲ್ಲೇ ನೋಡೋಣ. ಅ 16 ಲೀಟರ್, ಡ 29 ಲೀಟರ್ ತರಿಸುತ್ತವೆ ಅಂದುಕೊಳ್ಳಿ. ಅ ಬರುವ ಅವಕಾಶ 20/160, ಬಂದರೆ ಅಂದಾಜು 160 × 16/20 = 128. ಎರಡನ್ನೂ ಗುಣಿಸಿದರೆ 16, ಅಂದರೆ ಅದರದ್ದೇ ಹಾಲು. ಡಗೆ 29, ಫಗೆ 65. ಕೂಡಿದರೆ 110, ಆ ಗುಂಪಿನ ನಿಜವಾದ ಹಾಲು. ಅವಕಾಶದಲ್ಲಿ ಕೆಳಗಿದ್ದ 160 ಅಂದಾಜಿನ 160ನ್ನು ಹೊಡೆದುಹಾಕುತ್ತದೆ, ಸೀಟು ಸೀಟನ್ನು. ಗುಂಪು ಹೇಗೇ ಬಿದ್ದಿರಲಿ, ಇದು ನಡೆಯುತ್ತದೆ. ಪಕ್ಷಪಾತ ಇಲ್ಲ ಅನ್ನುವುದು ಇದನ್ನೇ.

ಸರಾಸರಿ ತೆಗೆದರೆ? ಫ ಪ್ರಕಾರ ಊರಿಗೆಲ್ಲ 65 × 300/100 = 195, ಕ ಪ್ರಕಾರ 240. ನಡುವೆ 217.5. ನೋಡಿದಿರಾ, 216ರ ಪಕ್ಕದಲ್ಲೇ ಇದೆ! ಎರಡೂ ಗುಂಪಿನ ಸೀಟು ಹತ್ತಿರ ಹತ್ತಿರ ಇದ್ದದ್ದಕ್ಕೆ ಹೀಗಾಯಿತು. ಒಂದು ಗುಂಪು 210, ಇನ್ನೊಂದು 90 ಆಗಿದ್ದರೂ ಸರಾಸರಿ ಎರಡಕ್ಕೂ ಸಮ ತೂಕ ಕೊಡುತ್ತದೆ. ಆಗ ಮೇಲಿನ ಹಾಗೆ ಒಂದನ್ನೊಂದು ಹೊಡೆದುಹಾಕುವುದೇ ಇಲ್ಲ. ಸಿಕ್ಕ ಚೀಟಿಯನ್ನು ಮರಳಿ ಹಾಕಿ ತೆಗೆಯುವ ವಿಧಾನಕ್ಕೆ ಆ ಸರಾಸರಿ ಸರಿ, ಇಲ್ಲಿ ಅಲ್ಲ.

ತಪ್ಪು ಎಷ್ಟಿರಬಹುದು ಅನ್ನುವ ಲೆಕ್ಕ ಹೀಗೆ:

```
v = (ΣNg² − N)/(N² − ΣNg²) × Σ Pg (yg/pg − Ŷ)²
  = (18 − 6)/(36 − 18) × 504 = 336
```

ಇಲ್ಲಿ `N` ಅಂದರೆ ಒಟ್ಟು ಹೋಟೆಲ್, 6. `Ng` ಒಂದೊಂದು ಗುಂಪಿನ ಹೋಟೆಲ್, 3. `Pg` ಅಂದರೆ ಸೀಟಿನಲ್ಲಿ ಗುಂಪಿನ ಪಾಲು, 160/300 ಮತ್ತು 140/300. `pg` ಸಿಕ್ಕ ಹೋಟೆಲಿನ ಪಾಲು, `yg` ಅದರ ಹಾಲು, `Ŷ` ನಮ್ಮ ಅಂದಾಜು 216. 336ರ ವರ್ಗಮೂಲ ಸುಮಾರು 18 ಲೀಟರ್. ಈ ಸೂತ್ರ ಯಾವತ್ತೂ ಋಣ ಸಂಖ್ಯೆ ಕೊಡುವುದಿಲ್ಲ. ಬೇರೆ ಕೆಲವು ವಿಧಾನಗಳಲ್ಲಿ ಕೊಟ್ಟು ತಲೆ ತಿಂದದ್ದುಂಟು. 1962ರಲ್ಲಿ ಮೂವರು ಇದನ್ನು 'ಸರಳ ವಿಧಾನ' ಅಂತ ಪ್ರಕಟಿಸಿದ್ದು ಸುಮ್ನೆ ಅಲ್ಲ. ಮರಳಿ ಹಾಕಿ ತೆಗೆಯುವುದಕ್ಕೆ ಹೋಲಿಸಿದರೆ ನಿಜವಾದ ವೇರಿಯನ್ಸ್ ನಮ್ಮ ಉದಾಹರಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಗುಂಪುಗಳಲ್ಲಿ ಹೋಟೆಲ್ ಸಂಖ್ಯೆ ಸಮ ಇದ್ದಷ್ಟೂ ಒಳ್ಳೆಯದು, ಸರಿಯಾಗಿ ಭಾಗವಾಗದಿದ್ದರೆ ಒಂದು ಹೆಚ್ಚುಕಮ್ಮಿ ಇರಲಿ.

ಎರಡು ಎಚ್ಚರಿಕೆ. ಹಿಂದೆ ನಮ್ಮ ತಂಡದಲ್ಲಿ ಒಬ್ಬರು ಓಡಾಟ ಕಮ್ಮಿಯಾಗಲಿ ಅಂತ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ರೈಲು ಲೈನ್ ನೋಡಿ ಗುಂಪು ಮಾಡಿದ್ದರು. ಒಟ್ಟು ಮೊತ್ತಕ್ಕೆ ಆಗಲೂ ಪಕ್ಷಪಾತ ಇಲ್ಲ, ಆದರೆ ಮೇಲಿನ `v` ಅದಕ್ಕೆ ಹೊಂದುವುದಿಲ್ಲ. ಅದು ಚೀಟಿ ಕುಲುಕಿದ ಗುಂಪಿಗೆ ಮಾತ್ರ.

ಇನ್ನೊಂದು, ಸೀಟು ಕಮ್ಮಿ, ಆದರೆ ಮದುವೆ ಊಟದ ಆರ್ಡರ್ ಹಿಡಿಯುವ ಹೋಟೆಲ್. ಅ ದಿನಕ್ಕೆ 50 ಲೀಟರ್ ತರಿಸಿ, ಸ್ಯಾಂಪಲಿಗೂ ಬಂದರೆ ಆ ಗುಂಪು ಒಂದೇ 400 ಲೀಟರ್ ಆಗುತ್ತದೆ. ಅದಕ್ಕೇ ನಾನು ಸ್ಯಾಂಪಲ್ ತೆಗೆಯುವ ಮೊದಲೇ ಇಂಥ ಹೋಟೆಲ್‌ಗಳನ್ನು ವಿಚಾರಿಸಿ, ಬೇರೆ ಪಟ್ಟಿ ಮಾಡಿ, ಅಷ್ಟಕ್ಕೂ ಹೋಗಿ ಬರುತ್ತೇನೆ.