ಕಾಲದ ಹಕ್ಕಿಯ ಬಣ್ಣಗಳು

ಪ್ರಶ್ನೆ: ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆಯಲ್ಲಿ ಹಕ್ಕಿಗೆ ಕಪ್ಪು, ಬಿಳಿ, ಕೆಂಪು ಬಣ್ಣ ಯಾಕೆ? ಕಪ್ಪು ಅಂದರೆ ಅಶುಭವೇ?

ಉತ್ತರ: ಇಲ್ಲಿ ಅಶುಭ ಅಲ್ಲ. ಆ ಹಕ್ಕಿ ಕಾಲ. ಬಣ್ಣ ಯಾವ ಅಂಗಕ್ಕೆ ಬಂದಿದೆ ಎಂಬುದನ್ನು ಮೊದಲು ನೋಡಿ. ಕಪ್ಪು ಇರುವುದು ಪುಚ್ಚದಲ್ಲಿ, ಅಂದರೆ ಹಾರುವಾಗ ಹಿಂದೆ ಉಳಿಯುವ ಭಾಗದಲ್ಲಿ. ಹಾಗಾಗಿ ಅದು ಕಳೆದುಹೋದ ಕಾಲ, ಸರಿದ ಇರುಳು. ಗರಿಗಳ ಬಿಳುಪು ಹಗಲಿನ ಹೊಳಪು, ಈಗಿನ ಕ್ಷಣ. ರೆಕ್ಕೆಗಳಿಗೆ ಕೆಂಪು ಮತ್ತು ಹೊನ್ನಿನ ಬಣ್ಣ: ಹಕ್ಕಿಯನ್ನು ಮುಂದಕ್ಕೆ ಒಯ್ಯುವುದು ರೆಕ್ಕೆ, ಇರುಳನ್ನು ಹಗಲಿಗೆ ದಾಟಿಸುವುದು ಮುಂಜಾವಿನ ಕೆಂಪು. ಮೊದಲ ಸಾಲಿನಲ್ಲೇ ಇರುಳು ಅಳಿದು ಬೆಳಗಾಗುವ ಮಾತಿರುವುದರಿಂದ ಈ ಓದಿಗೆ ಕವಿತೆಯೊಳಗೇ ಆಧಾರವಿದೆ.

ಈ ಮೂರು ಬಣ್ಣಗಳ ಜೋಡಣೆಯೂ ಹಳೆಯದು. ಶ್ವೇತಾಶ್ವತರ ಉಪನಿಷತ್ತು ಪ್ರಕೃತಿಯನ್ನು ಕೆಂಪು, ಬಿಳಿ, ಕಪ್ಪು ಬಣ್ಣದವಳೆಂದು ಕರೆಯುತ್ತದೆ. ಅವನ್ನು ರಜಸ್ಸು, ಸತ್ತ್ವ, ತಮಸ್ಸು ಎಂದು ಅರ್ಥೈಸುವುದು ರೂಢಿ. ಆ ಗುಣಗಳಲ್ಲಿ ಚಲನೆ ಕೊಡುವುದು ರಜಸ್ಸು. ಕೆಂಪು ರೆಕ್ಕೆಗೆ ಸೇರಿರುವುದು ಎಷ್ಟು ಸೊಗಸಾಗಿ ಹೊಂದುತ್ತದೆ ನೋಡಿ!

ಪರೀಕ್ಷೆಯ ಉತ್ತರಗಳಲ್ಲಿ ‘ಕಪ್ಪು ದುಃಖ, ಬಿಳಿ ಶಾಂತಿ’ ಎಂಬ ಸಿದ್ಧ ಪಟ್ಟಿಯನ್ನು ಅಂಟಿಸಿ ಕೆಡಿಸುತ್ತಾರೆ. ನಮ್ಮಲ್ಲೇ ಬಿಳಿ ಒಂದೆಡೆ ಸರಸ್ವತಿಯ ಸೀರೆ, ಇನ್ನೊಂದೆಡೆ ಹಲವು ಸಮುದಾಯಗಳಲ್ಲಿ ವಿಧವೆಯ ಉಡುಗೆ. ಕಪ್ಪು ಕರಿಮಣಿಯಾಗಿ ಮುತ್ತೈದೆತನದ ಗುರುತು. ಹಾಗೆಯೇ ಈ ಕೆಂಪು-ಹೊನ್ನನ್ನು ಇಂದಿನ ಬಾವುಟಗಳ ಕೇಸರಿಯಾಗಿ ಓದಲು ಕವಿತೆಯಲ್ಲಿ ಯಾವ ಆಸರೆಯೂ ಇಲ್ಲ.