480ಪಿಗೆ ಇಳಿಸಿದರೂ ವಿಡಿಯೊ 300 ಎಂಬಿ ಯಾಕೆ?

ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ 8 ನಿಮಿಷದ ವಿಡಿಯೊ ಮಾಡಿದ್ದೇನೆ. 1080ಪಿಯಿಂದ 480ಪಿಗೆ ಇಳಿಸಿದರೂ 300 ಎಂಬಿ ಇದೆ. ನಮ್ಮ ಕಡೆ ಗುಡ್ಡ ಹತ್ತಿದರಷ್ಟೇ ನೆಟ್‌ವರ್ಕ್. ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೂ ತೆರೆಯುತ್ತಿಲ್ಲ. ಏನು ಮಾಡಲಿ?

ಬೆಳೆಯ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಫೈಲ್ ಎಷ್ಟು ದೊಡ್ಡದಾಗಬೇಕು ಎಂಬುದು ಬಿಟ್‌ರೇಟ್ ಕೈಯಲ್ಲಿದೆ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಬಿಟ್ ಖರ್ಚು ಎನ್ನುವುದರ ಕೈಯಲ್ಲಿ; ರೆಸಲ್ಯೂಷನ್ ಕೈಯಲ್ಲಿ ಅಲ್ಲ. ಒಂದು ಬೈಟ್ ಎಂದರೆ 8 ಬಿಟ್, ಹಾಗಾಗಿ 300 ಎಂಬಿಯನ್ನು 8ರಿಂದ ಗುಣಿಸಿ, 480 ಸೆಕೆಂಡಿನಿಂದ ಭಾಗಿಸಿ: ಸೆಕೆಂಡಿಗೆ 5 ಮೆಗಾಬಿಟ್. ನೀವು ಚಿತ್ರದ ಅಳತೆ ಇಳಿಸಿದಿರಿ, ಎಕ್ಸ್‌ಪೋರ್ಟ್ ಪರದೆಯ ಬಿಟ್‌ರೇಟ್ 5ರಲ್ಲೇ ಕೂತಿದೆ. ಆ್ಯಪ್ ಅಷ್ಟನ್ನೂ ಖರ್ಚು ಮಾಡಿದೆ.

ಲೆಕ್ಕವನ್ನು ಹಿಂದಿನಿಂದ ಶುರುಮಾಡಿ. ಗುಡ್ಡದ ಮೇಲೆ ನಿಂತವನಿಗೆ 20 ಎಂಬಿ ಇಳಿಸಿಕೊಳ್ಳುವಷ್ಟು ತಾಳ್ಮೆ ಇದೆ ಎಂದಿಟ್ಟುಕೊಳ್ಳೋಣ. 480 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 330 ಕಿಲೋಬಿಟ್. ಅದರಲ್ಲಿ ಮೊದಲ ಪಾಲು ಧ್ವನಿಗೆ: ಮೋನೋದಲ್ಲಿ 48 ಕಿಲೋಬಿಟ್, ಮಾತಿಗೆ ಧಾರಾಳ ಸಾಕು. ಉಳಿದ 280 ಚಿತ್ರಕ್ಕೆ. ಅಷ್ಟರಲ್ಲಿ 480ಪಿ ಇಟ್ಟರೆ ಕೈ ಆಡಿಸಿದಾಗಲೆಲ್ಲ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ; 360ಪಿ ಮಾಡಿ. ಕಂಪ್ಯೂಟರಿದ್ದರೆ ffmpeg ಎಂಬ ಉಚಿತ ತಂತ್ರಾಂಶದಲ್ಲಿ ಹೀಗೆ:

```
ffmpeg -i mula.mp4 -vf scale=-2:360 -c:v libx264 -b:v 280k -preset slow -c:a aac -ac 1 -b:a 48k -movflags +faststart chikka.mp4
```

ಇದನ್ನು ವಾಟ್ಸ್ಯಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ಅದು ತನ್ನ ಪಾಡಿಗೆ ಇನ್ನೊಮ್ಮೆ ಹಿಂಡುತ್ತದೆ.

ಆದರೂ ಚಿತ್ರ ಕಲಸಿಹೋದರೆ ಆ್ಯಪನ್ನು ಬೈಯಬೇಡಿ, ಶೂಟಿಂಗ್ ನೋಡಿಕೊಳ್ಳಿ. ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಯಿತು ಎನ್ನುವುದಕ್ಕೇ ಬಹುಪಾಲು ಬಿಟ್ ಖರ್ಚಾಗುವುದು. ಗಾಳಿಗೆ ಆಡುವ ಸೋಗೆ, ಬೀಳುವ ಮಳೆ, ನಡುಗುವ ಕೈ: ಮೂರೂ ಸೇರಿದರೆ 280 ಕಿಲೋಬಿಟ್ ಹಿನ್ನೆಲೆಗೇ ಮುಗಿಯಿತು, ಡ್ರಮ್ಮಿಗೆ ಏನೂ ಉಳಿಯುವುದಿಲ್ಲ. ತೋಟ ಬಿಟ್ಟು ಕೊಟ್ಟಿಗೆಯ ಗೋಡೆ ಮುಂದೆ ಡ್ರಮ್ ಇಡಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೆಳಕು ಚೆನ್ನಾಗಿರಲಿ. ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು ಕೂಡ ಬಿಟ್ ತಿನ್ನುತ್ತದೆ.

ಇನ್ನು ಮಾತು. “ಇದನ್ನು ಇಷ್ಟು ತಗೊಂಡು, ಹೀಗೆ ಹಾಕಿ” ಎಂದರೆ ಚಿತ್ರ ನಿಂತುಹೋದವನಿಗೆ ಏನು ತಿಳಿಯಿತು? ಹೀಗೆ ಹೇಳಿ: “ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಕರಗಿಸಿ. ಇನ್ನೊಂದರಲ್ಲಿ 50 ಲೀಟರ್ ನೀರಿಗೆ ಒಂದು ಕಿಲೋ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಿ. ಕಬ್ಬಿಣದ ಚಾಕು ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು.” ಇದಕ್ಕೆ ಚಿತ್ರವೇ ಬೇಡ. ಬೇಕಾಗುವುದು ಒಂದೇ ಕಡೆ, ಚಾಕುವಿನ ಮೇಲಿನ ಕೆಂಪು ಹೇಗಿರುತ್ತದೆ ಎಂದು ತೋರಿಸಲು. ಅಲ್ಲಿ ಚಾಕು ಪರದೆ ತುಂಬುವ ಹಾಗೆ ಹತ್ತಿರದಿಂದ ತೆಗೆದು, ನಾಲ್ಕೈದು ಸೆಕೆಂಡ್ ಅಲ್ಲಾಡಿಸದೆ ಹಿಡಿಯಿರಿ. ಎಡಿಟ್ ಆದ ಮೇಲೆ ಫೋನನ್ನು ಮಗುಚಿಟ್ಟು, ದ್ರಾವಣ ಮಾಡಿ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಅಳತೆ ವಾಪಸ್ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಆ ವಾಕ್ಯ ಮತ್ತೆ ರೆಕಾರ್ಡ್ ಆಗಬೇಕು.

ಪರದೆ ಮೇಲೆ ಅಕ್ಷರ ಹಾಕುವುದಾದರೆ ಎರಡು ಮೂರು ಪದ, ದಪ್ಪವಾಗಿ, ಅಲುಗದ ಹಿನ್ನೆಲೆಯ ಮೇಲೆ. ಸಣ್ಣ ಚಿತ್ರದಲ್ಲಿ ನಮ್ಮ ಒತ್ತಕ್ಷರ ಮೊದಲು ಮಸಿಯಾಗುತ್ತದೆ, ಆಮೇಲೆ ದ-ಧ, ಪ-ಷ ಒಂದೇ ಆಗುತ್ತವೆ. ಔಷಧದ ಪ್ರಮಾಣವನ್ನು ಅಕ್ಷರದಲ್ಲಿ ಮಾತ್ರ ಬರೆದು, ಬಾಯಲ್ಲಿ ಹೇಳದೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಿನ್ನೆಲೆಯಲ್ಲಿ ಕೊಳಲಿನ ಮ್ಯೂಸಿಕ್ ಹಾಕಬಹುದೇ?

ಬೇಡ. 48 ಕಿಲೋಬಿಟ್‌ನಲ್ಲಿ ಕೊಳಲು, ಮಾತು ಎರಡೂ ನೀರೊಳಗಿನಿಂದ ಕೇಳಿದಂತಾಗಬಹುದು.

ಯೂಟ್ಯೂಬ್‌ಗೂ ಇದೇ ಚಿಕ್ಕ ಫೈಲ್ ಹಾಕಲೇ?

ಅಲ್ಲಿಗೆ ಮೂಲ ಫೈಲನ್ನೇ ಹಾಕಿ. ಯೂಟ್ಯೂಬ್ ತಾನೇ 144ಪಿಯಿಂದ ಮೇಲಕ್ಕೆ ಬೇರೆ ಬೇರೆ ಪ್ರತಿ ಮಾಡಿಕೊಳ್ಳುತ್ತದೆ, ನೀವು ಹಿಂಡಿ ಕೊಟ್ಟರೆ ನೋಡುವವರ ಡೇಟಾ ಉಳಿಯುವುದಿಲ್ಲ, ಚಿತ್ರ ಎರಡು ಸಲ ಕೆಡುತ್ತದೆ ಅಷ್ಟೆ. 144ಪಿಯಲ್ಲಿ ಒಮ್ಮೆ ನೀವೇ ನೋಡಿ.

ಎಚ್.265 ಮಾಡಿದರೆ ಅರ್ಧಕ್ಕಿಳಿಯುತ್ತದಂತೆ?

ಇಳಿಯಬಹುದು, ಆದರೆ ನಿಮ್ಮ ಗ್ರೂಪಿನ ಹಳೆಯ ಫೋನುಗಳಲ್ಲಿ ತಡೆತಡೆದು ಓಡೀತು, ಇಲ್ಲವೇ ಓಡದೇ ಇದ್ದೀತು. ಮೇಲಿನ ಕಮಾಂಡ್ ಬಳಸುವ ಹಳೆಯ ವಿಧಾನ ಎಚ್.264 ಬಿಡಬೇಡಿ.

ಝಿಪ್ ಮಾಡಿ ಕಳಿಸಿದರೆ?

ಒಂದು ಎಂಬಿಯೂ ಉಳಿಯುವುದು ಕಷ್ಟ. ವಿಡಿಯೊ ಆಗಲೇ ಹಿಂಡಿದ ಫೈಲ್.

“ಕ್ವಾಲಿಟಿ ಒಂಚೂರೂ ಕೆಡದೆ 90% ಸೈಜ್ ಕಡಿಮೆ” ಎನ್ನುವ ಆ್ಯಪ್ ಒಳ್ಳೆಯದೇ?

ಅದು ಮಾಡುವುದೂ ಬಿಟ್‌ರೇಟ್ ಇಳಿಸುವುದನ್ನೇ, ನಡುವೆ ಜಾಹೀರಾತು ತೋರಿಸಿ ನಿಮ್ಮ ಡೇಟಾವನ್ನೂ ತಿನ್ನುತ್ತದೆ.